ಪದಚರ್ಚೆ: ಆಫರ್ ಲೆಟರಿನ ‘ಅಪ್ ಟು’ಗೆ ‘ವರೆಗೆ’ ಅಂದರೆ ಸಾಕಾ?

ಶಿವಮೊಗ್ಗದಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಿಂದ ಅವನಿಗೆ ಇಂಟರ್ನ್‌ಶಿಪ್ ಆಫರ್ ಲೆಟರ್ ಬಂದಿದೆ. ಭಾವನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ಮೂರು ಕಡೆ ಪೆನ್ನು ನಿಂತಿದೆ.

ಸ್ಟೈಪೆಂಡ್ ತಿಂಗಳಿಗೆ ‘ಅಪ್ ಟು 12,000, ಪರ್ಫಾರ್ಮೆನ್ಸ್ ಆಧಾರದ ಮೇಲೆ’. ಅವಧಿ ‘ಮಿನಿಮಮ್ 6 ತಿಂಗಳು, ಕಂಪನಿಯ ಡಿಸ್ಕ್ರೀಷನ್ ಪ್ರಕಾರ ಮುಂದುವರಿಯಬಹುದು’. ಕೆಲಸ ಏನು ಅಂದರೆ ‘ಫ್ರಮ್ ಟೈಮ್ ಟು ಟೈಮ್’ ಒಪ್ಪಿಸಿದ್ದು. ನಾನು ‘12,000ದವರೆಗೆ’, ‘ಆಗಾಗ್ಗೆ ಒಪ್ಪಿಸುವ ಕೆಲಸ’ ಅಂತ ಬರೆದೆ. ಭಾವ ಓದಿ, “ಸರಿ, ತಿಂಗಳಿಗೆ ಹನ್ನೆರಡು ಸಾವಿರ ಬರುತ್ತೆ” ಅಂದರು. ನನ್ನ ಪದ ಸರಿ ಇಲ್ವಾ?

ಮೈಸೂರಿನಿಂದ

ಸ್ಟೈಪೆಂಡ್‌ಗೆ ಶಿಷ್ಯವೇತನ ಅನ್ನಿ, ಚೆನ್ನಾಗಿದೆ. ಇನ್ನು ಮೊತ್ತದ ಬಗ್ಗೆ ಚಿಂತೆ ಬೇಡ. ಪದವೀಧರ ಅಪ್ರೆಂಟಿಸ್‌ಗಳಿಗೆ ಕನಿಷ್ಠ 9,000 ಕೊಡಬೇಕು ಅಂತ 2019ರಲ್ಲೇ ನಿಯಮ ತಿದ್ದಿದ್ದಾರೆ. ಅದಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ.

ಬೆಂಗಳೂರಿನಿಂದ (ಎಚ್‌ಆರ್ ಕೆಲಸದಲ್ಲಿ ಇಂಥ ಪತ್ರಗಳನ್ನು ಬರೆದವನು)

ಸರ್, ಆ 9,000 ನಿಜ. ಆದರೆ ಅದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡು, ನೋಂದಾಯಿಸಿದವರಿಗೆ. ಹುಡುಗ ಇನ್ನೂ ಪದವೀಧರನೂ ಅಲ್ಲ, ಇದು ಬರೀ ಇಂಟರ್ನ್‌ಶಿಪ್. ಆ ಮೊತ್ತವನ್ನು ನಂಬಿ ಸಹಿ ಹಾಕಬಾರದು.

ಮೇಡಂ, ‘ವರೆಗೆ’ ತಪ್ಪಲ್ಲ. ಆದರೆ ‘ಹೆಚ್ಚೆಂದರೆ 12,000’ ಅಂತ ಬರೆಯಿರಿ, ಭಾವನವರಿಗೆ ಆಗ ಅರ್ಥವಾಗುತ್ತದೆ. ಈಗ ಅವರ ತಲೆಯಲ್ಲಿ ಇರುವುದು 6 ತಿಂಗಳಿಗೆ 72,000. ಕಂಪನಿ ತಿಂಗಳಿಗೆ 3,000 ಕೊಟ್ಟರೆ ಒಟ್ಟು 18,000. ಆಗಲೂ ಪತ್ರದ ಒಂದು ಮಾತನ್ನೂ ಅದು ಮೀರಿದಂತಾಗುವುದಿಲ್ಲ.

ಎರಡು ಸಾಲನ್ನೂ ಒಟ್ಟಿಗೆ ಇಟ್ಟು ಓದಿ. ದುಡ್ಡಿಗೆ ಮೇಲಿನ ಮಿತಿ ಇದೆ, ಕೆಳಗಿನದಿಲ್ಲ. ಸಮಯಕ್ಕೆ ಕೆಳಗಿನ ಮಿತಿ ಇದೆ, ಮೇಲಿನದಿಲ್ಲ. ಎರಡೂ ಕಂಪನಿಯ ಕಡೆಗೇ ವಾಲಿವೆ. ಸರ್ಟಿಫಿಕೇಟ್ ಯಾವಾಗ ಅಂತ ಬರೆದಿದ್ದಾರೆ, ನೋಡಿ ಹೇಳ್ತೀರಾ?

ಶಿವಮೊಗ್ಗದಿಂದ

‘ಮುಂದುವರಿಸಿದ ಅವಧಿಯೂ ಸೇರಿ, ಸಕ್ಸೆಸ್‌ಫುಲ್ ಕಂಪ್ಲೀಷನ್ ಆದ ಮೇಲೆ’ ಅಂತಿದೆ.

ಬೆಂಗಳೂರಿನಿಂದ

ನನಗೆ ಜಾಸ್ತಿ ಭಯ ಇರುವುದು ಅಲ್ಲೇ. ಜನವರಿಯಲ್ಲಿ ಸೇರಿದ ಅಂತಿಟ್ಟುಕೊಳ್ಳಿ. ಜೂನ್ ಕೊನೆಗೆ ಕಾಲೇಜಿಗೆ ಸರ್ಟಿಫಿಕೇಟ್ ಬೇಕು. ಕಂಪನಿ “ಇನ್ನೆರಡು ತಿಂಗಳು ಇರು” ಅನ್ನುತ್ತದೆ. ಆ ಎರಡು ತಿಂಗಳಿಗೆ ದುಡ್ಡು ಎಷ್ಟು ಅಂತ ಪತ್ರದಲ್ಲಿಲ್ಲ. ಬಿಟ್ಟು ಬಂದರೆ ಕಂಪ್ಲೀಷನ್ ಆಗಿಲ್ಲ ಅನ್ನಬಹುದು. ಅಂಕಗಳು ನಿಂತಿರುವುದು ಆ ಒಂದು ಕಾಗದದ ಮೇಲೆ, ಹುಡುಗ ಬಾಯಿ ಮುಚ್ಚಿಕೊಂಡು ಉಳಿಯುತ್ತಾನೆ.

ಸಹಿ ಹಾಕುವ ಮೊದಲು ಒಂದು ಮೇಲ್ ಕಳಿಸಲಿ. ತಿಂಗಳಿಗೆ ಕನಿಷ್ಠ ಎಷ್ಟು, ಯಾವ ತಾರೀಕಿಗೆ ಕೊಡುತ್ತೀರಿ ಅಂತ ಕೇಳಲಿ. ಮುಗಿಯುವ ತಾರೀಕು ಹಾಕಿಸಿಕೊಳ್ಳಲಿ. ಮುಂದುವರಿಸುವುದಾದರೆ ಇಬ್ಬರೂ ಬರೆದು ಒಪ್ಪಿದರೆ ಮಾತ್ರ, 6 ತಿಂಗಳ ಸರ್ಟಿಫಿಕೇಟ್ ಅದಕ್ಕೆ ಕಾಯಬಾರದು ಅನ್ನುವುದನ್ನೂ ಸೇರಿಸಲಿ. ಫೋನಿನಲ್ಲಿ “ಎಲ್ಲರಿಗೂ ಫುಲ್ ಕೊಡ್ತೀವಿ” ಅಂದರೆ, ಅದೇ ಮಾತನ್ನು ಮೇಲ್‌ನಲ್ಲಿ ಬರೆಸಿಕೊಳ್ಳಲಿ.

ಹುಬ್ಬಳ್ಳಿಯಿಂದ

ನಮ್ಮ ಮನೆಯ ಕಥೆ ಹೇಳ್ತೀನಿ. ಮಗಳು ಟೆಸ್ಟಿಂಗ್ ಕಲಿಯಲು ಅಂತ ಒಂದು ಕಡೆ ಸೇರಿದಳು. ಎರಡನೇ ವಾರದಿಂದ ಕೈಗೆ ಫೋನ್ ನಂಬರುಗಳ ಪಟ್ಟಿ ಕೊಟ್ಟು, ಕೋರ್ಸ್ ಮಾರಲು ಕೂರಿಸಿದರು. ಕೇಳಿದರೆ ಈ ‘ಟೈಮ್ ಟು ಟೈಮ್’ ಸಾಲು ತೋರಿಸಿದರು. ರಿಪೋರ್ಟ್‌ನಲ್ಲಿ ಬರೆಯಲು ಏನೂ ಇರಲಿಲ್ಲ, ಅವಳು ಅತ್ತಿದ್ದನ್ನು ಮರೆಯಲಾರೆ. ಸರ್ಟಿಫಿಕೇಟ್ ಒಂದೇ ಅಲ್ಲ, ಕೆಲಸ ಏನು ಅನ್ನೋದನ್ನೂ ಬರೆಸಿಕೊಳ್ಳಿ.

ಧಾರವಾಡದಿಂದ

‘ಆಗಾಗ್ಗೆ’ ಇಲ್ಲಿ ಸರಿಹೋಗದು. ಅದು ಎಷ್ಟು ಸಲ ಅನ್ನೋದನ್ನು ಹೇಳುತ್ತದೆ. ಕಚೇರಿ ಕನ್ನಡದಲ್ಲಿ ‘ಕಾಲಕಾಲಕ್ಕೆ’ ಅನ್ನುತ್ತೇವೆ. ಆದರೆ ‘ಹೆಚ್ಚೆಂದರೆ’ ನನಗೆ ಒಪ್ಪಿಗೆಯಿಲ್ಲ. ಪತ್ರ ನುಣ್ಣಗೆ ಮಾತಾಡಿದ್ದರೆ ಅನುವಾದವೂ ಹಾಗೇ ಇರಬೇಕು. ಎಚ್ಚರಿಕೆ ಹೇಳುವುದಿದ್ದರೆ ಕೆಳಗೆ ಬೇರೆ ಟಿಪ್ಪಣಿ ಹಾಕಿ.

ಬೆಂಗಳೂರಿನಿಂದ

ಕೋರ್ಟಿಗೆ ಕೊಡುವ ಅನುವಾದಕ್ಕೆ ನಿಮ್ಮ ಮಾತು ಸರಿ ಸರ್. ಇದು ಮನೆಯವರು ಓದಿ ಹೂಂ ಅಥವಾ ಉಹೂಂ ಅನ್ನಬೇಕಾದ ಕಾಗದ. ‘ಕಾಲಕಾಲಕ್ಕೆ’ ಜೊತೆಗೂ ನಾನು ‘ಏನು ಹೇಳಿದರೂ’ ಸೇರಿಸುತ್ತಿದ್ದೆ. ಹುಬ್ಬಳ್ಳಿಯವರು ಹೇಳಿದ್ದು ಸರಿ. ಆ ಸಾಲನ್ನು ತೆಗೆಸುವುದು ಕಷ್ಟ, ಎಲ್ಲ ಪತ್ರದಲ್ಲೂ ಇರುತ್ತದೆ. ಅದರ ಮುಂದೆ, ಉದಾಹರಣೆಗೆ, ‘ಟೆಸ್ಟಿಂಗ್‌ಗೆ ಸಂಬಂಧಪಟ್ಟ’ ಅಂತ ಸೇರಿಸಲು ಕೇಳಬಹುದು, ಸಾಮಾನ್ಯವಾಗಿ ಒಪ್ಪುತ್ತಾರೆ.

ಶಿವಮೊಗ್ಗದಿಂದ

ಮೇಲ್ ಕಳಿಸಿದ. ಕನಿಷ್ಠ 8,000, ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಅಂತ ಬರೆದುಕೊಟ್ಟಿದ್ದಾರೆ. ಕೆಲಸದ ಸಾಲಿಗೆ ‘ವೆಬ್ ಡೆವಲಪ್‌ಮೆಂಟ್ ತಂಡದಲ್ಲಿ’ ಅಂತ ಸೇರಿಸಿದ್ದಾರೆ. ಅವಧಿ, ಸರ್ಟಿಫಿಕೇಟ್ ಬಗ್ಗೆ “ಕಂಪನಿ ಪಾಲಿಸಿ” ಅಂತಷ್ಟೇ ಉತ್ತರ. ಆ ಪಾಲಿಸಿಯನ್ನೇ ಕಳಿಸಿ ಅಂತ ಕೇಳಿದ್ದಾನೆ, ಅದು ಕೈಗೆ ಬರುವತನಕ ಸಹಿ ಹಾಕುತ್ತಿಲ್ಲ. ಭಾವನಿಗೆ ಕೊಡುವ ಪ್ರತಿಯಲ್ಲಿ ‘ಹೆಚ್ಚೆಂದರೆ’ ಅಂತಲೇ ಇಟ್ಟಿದ್ದೇನೆ, ಧಾರವಾಡದವರು ಕ್ಷಮಿಸಬೇಕು.