ರಾತ್ರಿ ಫ್ಲ್ಯಾಶ್ ಫೋಟೊ: ಅಕ್ಕನ ಕೆಂಪು ಕಣ್ಣು ಸರಿಯಾಯಿತು, ಭಾವನ ಕಣ್ಣು ಬೂದು ಬಣ್ಣಕ್ಕೆ ತಿರುಗಿತು

ರಾತ್ರಿಹಕ್ಕಿ:
ರಾತ್ರಿ ಹೊರಗೆ ಅಕ್ಕ, ಭಾವ ಇಬ್ಬರನ್ನೂ ನಿಲ್ಲಿಸಿ ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಅಕ್ಕನ ಕಣ್ಣುಗಳು ಕೆಂಡದ ಹಾಗೆ ಕೆಂಪಗೆ ಬಂದಿವೆ. ಭಾವನದು ಕೆಂಪಲ್ಲ, ಗಾಜಿನ ಗೋಲಿ ಹೊಳೆದ ಹಾಗೆ ಬಿಳಿ-ಹಳದಿ. ಗಿಂಪ್‌ನಲ್ಲಿ `Filters > Enhance > Red Eye Removal` ಹಾಕಿದೆ. ಅಕ್ಕನದು ಸರಿಹೋಯಿತು, ಆದರೆ ತುಟಿಯ ಬಣ್ಣವೂ ಸತ್ತುಹೋಯಿತು. ಭಾವನ ಕಣ್ಣು ಮಾತ್ರ ಮಂಕು ಬೂದು. ಎಲ್ಲಿ ತಪ್ಪಿದೆ?

ಫೋಕಸ್‌ಪ್ರಿಯ:
ಕ್ಯಾಮೆರಾದಲ್ಲಿ ರೆಡ್-ಐ ರಿಡಕ್ಷನ್ ಆನ್ ಮಾಡಿ ಸಾರ್, ಸಮಸ್ಯೆಯೇ ಇರಲ್ಲ. ಮೊದಲೇ ಒಮ್ಮೆ ಮಿನುಗಿ ಪಾಪೆ ಕುಗ್ಗುತ್ತದೆ, ಅಷ್ಟೇ.

ಹಳೇಲೆನ್ಸ್:
ಅದು ಮುಂದಿನ ಫೋಟೊಗೆ ಆಯಿತು, ತೆಗೆದಾಗಿರುವುದಕ್ಕೆ ಏನು ಮಾಡುವುದು? ಅದೂ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಮೊದಲ ಮಿನುಗು ನೋಡಿ ‘ಮುಗಿಯಿತು’ ಅಂತ ಜನ ಮುಖ ತಿರುಗಿಸಿಬಿಡುತ್ತಾರೆ.

ರಾತ್ರಿಹಕ್ಕಿ, ತುಟಿಯ ವಿಷಯ ಸುಲಭ. ಆ ಫಿಲ್ಟರ್‌ಗೆ ಕಣ್ಣು ಯಾವುದು, ತುಟಿ ಯಾವುದು ಗೊತ್ತಿಲ್ಲ. ಕೆಂಪು ಕಂಡಲ್ಲೆಲ್ಲ ಕಡಿಮೆ ಮಾಡುತ್ತದೆ. ಮೊದಲು `Ellipse Select` ತೆಗೆದುಕೊಂಡು ಪಾಪೆಯ ಸುತ್ತ ಮಾತ್ರ ಗುರುತು ಹಾಕಿ, ಆಮೇಲೆ ಫಿಲ್ಟರ್ ಓಡಿಸಿ. `Threshold` ಅನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ.

ಭಾವನ ಕಣ್ಣಿನ ಹೊಳಪಿನ ಮೇಲೆ `Color Picker` ಇಟ್ಟು ಅಂಕಿ ಹೇಳಿ.

ರಾತ್ರಿಹಕ್ಕಿ:
ಕೆಂಪು 255, ಹಸಿರು 240, ನೀಲಿ 214. ಅಕ್ಕನ ಹಳೆಯ ಫೈಲ್‌ನಲ್ಲಿ 190, 40, 45.

ಹಳೇಲೆನ್ಸ್:
ಉತ್ತರ ಅಲ್ಲೇ ಇದೆ ನೋಡಿ. ಅಕ್ಕನ ಕಣ್ಣಲ್ಲಿ ಕೆಂಪೊಂದೇ ಜಾಸ್ತಿ. ಅದನ್ನು 40ರ ಹತ್ತಿರ ಇಳಿಸಿದರೆ ಉಳಿಯುವುದು ಕಪ್ಪು. ಭಾವನಲ್ಲಿ ಮೂರೂ ಮೇಲಿವೆ. ಕೆಂಪನ್ನು ಇಳಿಸಿದರೂ ಹಸಿರು, ನೀಲಿ ಹಾಗೇ ಉಳಿಯುತ್ತವೆ, ಕಣ್ಣು ಕಪ್ಪಾಗುವುದಿಲ್ಲ. ಅಲ್ಲಿ ಪಾಪೆಯ ವಿವರವೇ ಅಳಿಸಿಹೋಗಿದೆ. ತೆಗೆಯಲು ಏನೂ ಇಲ್ಲ, ಬರೆಯಬೇಕು.

ಹೊಸ ಲೇಯರ್ ತೆರೆಯಿರಿ. ಪಾಪೆಯಷ್ಟೇ ದುಂಡನೆಯ ಗುರುತು ಹಾಕಿ, ಅಂಚನ್ನು ಒಂದೆರಡು ಪಿಕ್ಸೆಲ್ ಮೃದು ಮಾಡಿ. ಶುದ್ಧ ಕಪ್ಪು ತುಂಬಬೇಡಿ, ತೂತು ಕೊರೆದ ಹಾಗೆ ಕಾಣುತ್ತದೆ. `1c1512` ತರಹದ ಕಂದು ಬೆರೆತ ಕಪ್ಪು ಹಾಕಿ, ಲೇಯರ್ ಅಪಾಸಿಟಿ 90 ಸುತ್ತ ಇಡಿ. ಮೇಲಿನ ರೆಪ್ಪೆ ಪಾಪೆಯ ತುದಿಯನ್ನು ಮುಚ್ಚಿದ್ದರೆ ಆ ಭಾಗವನ್ನು ಅಳಿಸಿ. ಹೆಚ್ಚಿನವರು ಮರೆಯುವುದು ಇದನ್ನೇ. ಮರೆತರೆ ಕಣ್ಣು ಬೆಚ್ಚಿಬಿದ್ದ ಹಾಗೆ ಕಾಣುತ್ತದೆ.

ಆಮೇಲೆ ಮತ್ತೊಂದು ಲೇಯರ್‌ನಲ್ಲಿ ಸಣ್ಣ ಬಿಳಿ ಚುಕ್ಕೆ. ಅದಿಲ್ಲದೆ ಕಣ್ಣಿಗೆ ಜೀವ ಬರಲ್ಲ. ಅಕ್ಕನ ಕಣ್ಣಲ್ಲಿ ಫ್ಲ್ಯಾಶ್‌ನ ಚುಕ್ಕೆ ಎಲ್ಲಿದೆ ನೋಡಿ, ಭಾವನ ಎರಡು ಕಣ್ಣಲ್ಲೂ ಅದೇ ಜಾಗಕ್ಕೆ ಇಡಿ. ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ಟರೆ ಮೆಳ್ಳಗಣ್ಣು ಆಗುತ್ತದೆ. ನಾನೇ ಮಾಡಿದ್ದೇನೆ!

ಮಿಂಚುಳ್ಳಿ:
ನನ್ನ ನಾಯಿಯ ಕಣ್ಣು ಹಸಿರಾಗಿ ಬರುತ್ತದೆ. ಇದೇ ಉಪಾಯ ನಡೆಯುತ್ತಾ?

ಹಳೇಲೆನ್ಸ್:
ನಡೆಯುತ್ತದೆ, ಬಣ್ಣ ತುಂಬುವ ದಾರಿ. ಕೆಂಪು ತೆಗೆಯುವ ಫಿಲ್ಟರ್ ಅಲ್ಲಿ ಕೆಲಸಕ್ಕೆ ಬಾರದು. ನಾಯಿಯ ಕಣ್ಣಿನ ಹಿಂದೆ ಬೆಳಕನ್ನು ಹಿಂದಕ್ಕೆ ಎಸೆಯುವ ಪದರವೇ ಬೇರೆ ಇದೆ. ನಮಗದು ಇಲ್ಲ, ನಮ್ಮಲ್ಲಿ ಕಾಣುವ ಕೆಂಪು ಕಣ್ಣಿನ ಹಿಂಬದಿಯ ರಕ್ತನಾಳಗಳದ್ದು.

ಸಂಜೆಬೆಳಕು:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗುವಿನ ಫೋಟೊಗಳಲ್ಲಿ ಬಲಗಣ್ಣು ಮಾತ್ರ ಬಿಳಿಯಾಗಿ ಹೊಳೆಯುತ್ತದೆ, ಎಡಗಣ್ಣು ಕೆಂಪು. ಮೂರ್ನಾಲ್ಕು ಫೋಟೊಗಳಲ್ಲಿ ಹಾಗೇ ಇದೆ. ಎರಡನ್ನೂ ಹೀಗೆ ತಿದ್ದಬಹುದಾ?

ಹಳೇಲೆನ್ಸ್:
ತಿದ್ದಬೇಡಿ, ಮೂಲ ಫೈಲ್‌ಗಳನ್ನು ಇಟ್ಟುಕೊಳ್ಳಿ. ಮಗು ಸ್ವಲ್ಪ ಪಕ್ಕಕ್ಕೆ ನೋಡಿದಾಗ ಬೆಳಕು ಕಣ್ಣಿನ ನರ ಸೇರುವ ಜಾಗಕ್ಕೆ ಬಿದ್ದು ಒಂದೇ ಕಣ್ಣು ಬಿಳಿ ಕಾಣುವುದುಂಟು. ಆದರೆ ಅದೇ ಕಣ್ಣು ಪದೇ ಪದೇ ಹಾಗೆ ಬಂದರೆ ಕಣ್ಣಿನ ಡಾಕ್ಟರಿಗೆ ಬೇಗ ತೋರಿಸಬೇಕು. ಮಕ್ಕಳಲ್ಲಿ ಪೊರೆ, ಅಪರೂಪಕ್ಕೆ ಕಣ್ಣಿನ ಗಡ್ಡೆ, ಹೀಗೆ ಕಾಣಿಸಿಕೊಳ್ಳಬಹುದು. ಈ ಫೋಟೊಗಳನ್ನೂ ತೋರಿಸಿ. ಇಲ್ಲಿ ಕೂತು ಯಾರೂ ಹೇಳಲಾಗದು.

ಸಂಜೆಬೆಳಕು:
ನಾಳೆಯೇ ಹೋಗುತ್ತೇನೆ.

ಫೋಕಸ್‌ಪ್ರಿಯ:
ಒಂದು ಅನುಮಾನ. ಹತ್ತಿರ ಹೋದರೆ ಕೆಂಪು ಜಾಸ್ತಿ ಆಗಬೇಕಲ್ವಾ? ನನಗೆ ದೂರದಿಂದಲೇ ಜಾಸ್ತಿ ಬರುತ್ತದೆ.

ಹಳೇಲೆನ್ಸ್:
ನಿಮ್ಮ ಅನುಭವವೇ ಸರಿ. ಫ್ಲ್ಯಾಶ್ ಲೆನ್ಸಿನಿಂದ 6 ಸೆಂಟಿಮೀಟರ್ ಮೇಲಿದೆ ಅನ್ನಿ. 3 ಮೀಟರ್ ದೂರದಲ್ಲಿ ನಿಂತವರಿಗೆ ಅವೆರಡರ ನಡುವಿನ ಕೋನ ಸುಮಾರು 1 ಡಿಗ್ರಿ. ಬೆಳಕು ಹೋದ ದಾರಿಯಲ್ಲೇ ವಾಪಸ್ ಬಂದು ಲೆನ್ಸಿಗೆ ಬೀಳುತ್ತದೆ. ಒಂದೂವರೆ ಮೀಟರ್‌ಗೆ ಬಂದರೆ ಕೋನ ಎರಡರಷ್ಟು. ಅದಕ್ಕೇ ಜೂಮ್ ಮಾಡುವ ಬದಲು ಹತ್ತಿರ ಹೋಗಿ, ಅಥವಾ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಹಿಡಿಯಿರಿ.

ರಾತ್ರಿಹಕ್ಕಿ:
ಭಾವನ ಕಣ್ಣು ಈಗ ಪರವಾಗಿಲ್ಲ. ಚುಕ್ಕೆ ಸ್ವಲ್ಪ ದೊಡ್ಡದಾಯಿತು, ಇನ್ನೊಮ್ಮೆ ಮಾಡುತ್ತೇನೆ. ಆದರೆ ಇನ್ನೊಂದು ಫೋಟೊದಲ್ಲಿ ಅವರು ಕನ್ನಡಕ ಹಾಕಿದ್ದಾರೆ, ಗಾಜಿನ ಮೇಲೇ ಫ್ಲ್ಯಾಶ್ ಬಿದ್ದು ಅರ್ಧ ಕಣ್ಣು ಕಾಣುತ್ತಿಲ್ಲ.

ಹಳೇಲೆನ್ಸ್:
ಅದೇ ಹೊತ್ತಿನಲ್ಲಿ ತೆಗೆದ, ಗಾಜು ಸ್ವಚ್ಛವಾಗಿರುವ ಮತ್ತೊಂದು ಫ್ರೇಮ್ ಇದೆಯಾ? ಇದ್ದರೆ ಆ ಕಣ್ಣನ್ನು ತಂದು ಕೂರಿಸಬಹುದು. ಇಲ್ಲದಿದ್ದರೆ ನನಗೆ ಒಳ್ಳೆಯ ದಾರಿ ಗೊತ್ತಿಲ್ಲ.