ರೊಟ್ಟಿ ಕೇಂದ್ರದ ಕೆಲಸವೆಲ್ಲ ಒಬ್ಬಳ ಮೇಲೆ: ಯಾವುದನ್ನು ಯಾರಿಗೆ ಬಿಡಲಿ?

ಕೇಳಿದವರು, ಹಳೇ ಹುಬ್ಬಳ್ಳಿ

ಜೋಳದ ರೊಟ್ಟಿ, ಚಟ್ನಿಪುಡಿ ಮಾಡಿ ಖಾನಾವಳಿಗಳಿಗೆ, ಮದುವೆಗಳಿಗೆ ಕೊಡುತ್ತೇನೆ. ತಟ್ಟಲು 6 ಹೆಣ್ಣುಮಕ್ಕಳು ಬರುತ್ತಾರೆ. ರೊಟ್ಟಿಗೆ ಇಷ್ಟು ಅಂತ ಕೂಲಿ. ಉಳಿದದ್ದೆಲ್ಲ ನಾನೇ. ಜೋಳ ತರುವುದು, ಗಿರಣಿ, ಹಿಟ್ಟು ನಾದುವುದು, ಎಣಿಸಿ ಪ್ಯಾಕ್ ಮಾಡುವುದು, ಸ್ಕೂಟಿ ಮೇಲೆ ಮುಟ್ಟಿಸುವುದು, ಉದ್ರಿ ವಸೂಲಿ, ಫೋನು. ಬೆಳಿಗ್ಗೆ 5ಕ್ಕೆ ಎದ್ದರೆ ರಾತ್ರಿ 10. ಪ್ಯಾಕಿಂಗ್ ಒಬ್ಬರಿಗೆ ಬಿಟ್ಟು ನೋಡಿದೆ, ವಾರದಲ್ಲೇ ಲೆಕ್ಕ ತಪ್ಪಿತು, ಮತ್ತೆ ನನ್ನ ಕೈಗೇ ಬಂತು. ವಾರದ ಟೈಂಟೇಬಲ್ ಹೇಗೆ ಹಾಕಿಕೊಳ್ಳಬೇಕು?

ಗದಗ, ಹಾರ್ಡ್‌ವೇರ್ ಅಂಗಡಿ

ಅಕ್ಕಾರೆ, ಟೈಂಟೇಬಲ್ ಆಮೇಲೆ. ಮೊದಲು ನಾಲ್ಕು ದಿನ ಊರು ಬಿಟ್ಟು ಹೋಗಿ. ನಿಜ ಹೇಳುತ್ತೇನೆ. ಮಾಲೀಕರು ಎದುರಿಗೆ ಕೂತಿದ್ದರೆ ಹುಡುಗರು ಪ್ರತಿಯೊಂದನ್ನೂ ಕೇಳಿಯೇ ಮಾಡುತ್ತಾರೆ. ನಾನು ಧರ್ಮಸ್ಥಳಕ್ಕೆ ಹೋದಾಗ ಅಂಗಡಿ ತಾನೇ ನಡೆದಿತ್ತು. ಯಾವ ಸೈಜಿನ ಪೈಪು ಎಲ್ಲಿದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು ಅಂತ ಆಗಲೇ ತಿಳಿದದ್ದು. ಬಂದ ಮೇಲೆ ಏನೇನು ಕೆಟ್ಟಿದೆ ನೋಡಿ, ಅಷ್ಟನ್ನೇ ನೀವು ಇಟ್ಟುಕೊಳ್ಳಿ, ಉಳಿದದ್ದು ಅವರದು.

ಹಾವೇರಿ, ಬೀಜ-ಗೊಬ್ಬರದ ಅಂಗಡಿ

ರೊಟ್ಟಿ ಮಷೀನ್ ಬಂದಿದೆಯಲ್ಲ, ತಗೊಳ್ಳಿ. ಆರು ಜನರ ಕೂಲಿ ಉಳಿಯುತ್ತದೆ. ನಮ್ಮಲ್ಲಿ ಬಿತ್ತನೆ ಟೈಮಿಗೆ ಮಗ, ಸೊಸೆ ಎಲ್ಲರೂ ಕೌಂಟರಿಗೆ ನಿಲ್ಲುತ್ತಾರೆ. ಹೊರಗಿನವರ ಕೈಗೆ ಗಲ್ಲೆ ಕೊಡಬಾರದು ಅಂತ ನಮ್ಮ ತಂದೆಯವರ ಕಟ್ಟುನಿಟ್ಟು. ಸಿಸಿ ಕ್ಯಾಮೆರಾನೂ ಹಾಕಿಸಿದ್ದೇವೆ.

ಧಾರವಾಡ, ಹೋಳಿಗೆ-ಚಟ್ನಿ ಘಟಕ

ಹಾವೇರಿ ಅಣ್ಣಾರೆ, ಅವರಿಗೆ ತಟ್ಟುವವರ ತೊಂದರೆ ಇಲ್ಲ. ತಟ್ಟುವುದೊಂದೇ ಅಲ್ಲಿ ಈಗ ಬೇರೆಯವರ ಕೈಯಲ್ಲಿರುವುದು!

ಗದಗಿನವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆದರೆ ಪೈಪು ಕೆಡುವುದಿಲ್ಲ. ರೊಟ್ಟಿ ಆರುವ ಮೊದಲೇ ಕವರಿಗೆ ಹಾಕಿದರೆ ಒಳಗೆ ಹಬೆ ನಿಂತು ಬೂಷ್ಟು ಬರುತ್ತದೆ. ಅದು ಗೊತ್ತಾಗುವುದು ಕೆಲವು ದಿನ ಬಿಟ್ಟು, ಅದೂ ಗಿರಾಕಿ ಮನೆಯಲ್ಲಿ. ನೀವು ಊರಿಂದ ಬಂದು ನೋಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದಕ್ಕೇ ಕೆಲಸಗಳನ್ನು ಎಷ್ಟು ಕಷ್ಟ ಅಂತ ನೋಡಿ ಹಂಚಬೇಡಿ, ತಪ್ಪಾದರೆ ಯಾವಾಗ ಗೊತ್ತಾಗುತ್ತದೆ ಅಂತ ನೋಡಿ ಹಂಚಿ. ಎಣಿಕೆ ತಪ್ಪಿದರೆ ಅದೇ ದಿನ ಖಾನಾವಳಿಯಿಂದ ಫೋನು ಬರುತ್ತದೆ. ಮುಟ್ಟಿಸುವುದು ತಡವಾದರೂ ಅಷ್ಟೇ. ಇಂಥವನ್ನು ಮೊದಲು ಬಿಡಿ. ಹಿಟ್ಟು ಹಳೆಯದಾಗಿ ಜಿಗಿ ಹೋದರೆ ಹಂಚಿನ ಹತ್ತಿರ ಹೋದಾಗ ಗೊತ್ತಾಗುತ್ತದೆ, ಅಂಚು ಬಿರಿಯಲು ಶುರುವಾಗುತ್ತದೆ. ಅದನ್ನು ಎರಡನೆಯ ಸುತ್ತಿಗೆ ಇಡಿ. ಜೋಳದ ಖರೀದಿ, ಯಾರಿಗೆ ಎಷ್ಟು ಉದ್ರಿ ಬಿಡಬೇಕು ಅನ್ನುವುದು, ಇವೆರಡರ ತಪ್ಪು ತಿಂಗಳುಗಟ್ಟಲೆ ಕಾಣುವುದಿಲ್ಲ. ಸದ್ಯಕ್ಕೆ ಅವು ನಿಮ್ಮ ಹತ್ತಿರವೇ ಇರಲಿ.

ಒಂದು ಮಾತು ಕೇಳಬೇಕು. ಪ್ಯಾಕಿಂಗ್ ಯಾರಿಗೆ ಕೊಟ್ಟಿದ್ದಿರಿ? ಆ ಕೆಲಸಕ್ಕೆ ಕೂಲಿ ಏನು ಕೊಟ್ಟಿದ್ದಿರಿ?

ಕೇಳಿದವರು

ಎಲ್ಲರಿಗಿಂತ ಚುರುಕಾದವಳಿಗೆ ಕೊಟ್ಟೆ ಅಕ್ಕಾ. ನಂಬಿಕಸ್ಥಳು. ಬೇರೆ ಕೂಲಿ ಏನಿಲ್ಲ. ತಟ್ಟುವುದು ಮುಗಿದ ಮೇಲೆ ಸ್ವಲ್ಪ ನೋಡಿಕೋ ಅಂತ ಹೇಳಿದ್ದೆ. ಮೊದಲೆರಡು ದಿನ ಚೆನ್ನಾಗಿ ಮಾಡಿದಳು.

ಧಾರವಾಡ, ಹೋಳಿಗೆ-ಚಟ್ನಿ ಘಟಕ

ಕೆಟ್ಟಿದ್ದು ಅಲ್ಲೇ. ಲೆಕ್ಕ ಹಾಕಿ ನೋಡಿ. ತಟ್ಟುವ ಕೂಲಿ ರೊಟ್ಟಿಗೆ 2 ರೂಪಾಯಿ, ಚುರುಕಾದವಳು ಗಂಟೆಗೆ 30 ರೊಟ್ಟಿ ಅಂತ ಹಿಡಿಯೋಣ. ಪ್ಯಾಕಿಂಗಿಗೆ 2 ಗಂಟೆ ಕೊಟ್ಟರೆ 60 ರೊಟ್ಟಿ ಹೋಯಿತು, 120 ರೂಪಾಯಿ. ವಾರಕ್ಕೆ 6 ದಿನ ಅಂದರೆ 720. ಅಷ್ಟು ದುಡ್ಡು ಅವಳು ತನ್ನ ಕೈಯಿಂದ ಕಳೆದುಕೊಂಡು ನಿಮ್ಮ ರೊಟ್ಟಿ ಎಣಿಸಬೇಕಾ? ಹಂಚಿನ ಕಡೆ ಓಡುವ ಅವಸರದಲ್ಲಿ ಎಣಿಸುತ್ತಾಳೆ, ಲೆಕ್ಕ ತಪ್ಪುತ್ತದೆ. ನಿಮಗೂ ದಿನಕ್ಕೆ 60 ರೊಟ್ಟಿ ಕಡಿಮೆ.

ಆ ಕೆಲಸಕ್ಕೆ ಚುರುಕಾದವಳು ಬೇಡ. ಕೈ ನಿಧಾನ, ಆದರೆ ಲೆಕ್ಕ ಪಕ್ಕಾ ಇರುವವರು ಒಬ್ಬರು ಇದ್ದೇ ಇರುತ್ತಾರೆ. ವಯಸ್ಸಾಗಿ ಹಂಚಿನ ಝಳ ತಡೆಯಲಾಗದವರೂ ಇರಬಹುದು. ಅವರನ್ನು ಪೂರ್ತಿ ದಿನಗೂಲಿಗೆ ಹಾಕಿ. ರೊಟ್ಟಿ ಲೆಕ್ಕದ ಕೂಲಿಯನ್ನೂ ಎಣಿಸುವ ಜವಾಬ್ದಾರಿಯನ್ನೂ ಒಬ್ಬರಿಗೇ ಕೊಡಬೇಡಿ. ತನ್ನ ರೊಟ್ಟಿಯನ್ನು ತಾನೇ ಎಣಿಸಿ ಬರೆದುಕೊಂಡರೆ ಉಳಿದ ಐವರು ಸುಮ್ಮನಿರುವುದಿಲ್ಲ.

ಇನ್ನು, "ನೋಡಿಕೋ" ಅಂದರೆ ಏನು ನೋಡಬೇಕು? ನಾವು ಹೀಗೆ ಹೇಳಿಕೊಟ್ಟೆವು. ಖಡಕ್ ರೊಟ್ಟಿಯನ್ನು ಪ್ರತಿ ಬುಟ್ಟಿಯ ನಡುವಿನಿಂದ ಒಂದು ತೆಗೆದು ಮುರಿಯಿರಿ. ಟಕ್ ಅಂತ ಮುರಿದರೆ ಕವರಿಗೆ. ಬಾಗಿದರೆ ಇಡೀ ಬುಟ್ಟಿ ಮತ್ತೆ ಆರಲಿಕ್ಕೆ. ಹತ್ತರ ಕಟ್ಟು ಮಾಡಿ ಅಡ್ಡ ಉದ್ದ ಇಡಿ, ಆಗ ಎಣಿಕೆ ದೂರದಿಂದಲೇ ಕಾಣುತ್ತದೆ. ಕಟ್ಟಿನ ಮೇಲೆ ದಿನಾಂಕದ ಚೀಟಿ. ಇಷ್ಟೇ. ಮೊದಲ ವಾರ ನೀವು ಮಾಡಿ, ಅವರು ನೋಡಲಿ. ಎರಡನೆಯ ವಾರ ಅವರು ಮಾಡಲಿ, ನೀವು ನೋಡಿ, ಕೈ ಹಾಕಬೇಡಿ. ಆಮೇಲೆ ದಿನಕ್ಕೆ ಎರಡೇ ಕಟ್ಟು ಬಿಚ್ಚಿ ನೋಡಿದರೆ ಸಾಕು. ಅವರು ಕಟ್ಟಿದ್ದನ್ನೆಲ್ಲ ನೀವು ಮತ್ತೆ ಎಣಿಸಿದರೆ ಅವರು ಎಣಿಸುವುದನ್ನೇ ಬಿಡುತ್ತಾರೆ.

ಗದಗ, ಹಾರ್ಡ್‌ವೇರ್ ಅಂಗಡಿ

ಇದು ಒಪ್ಪಿದೆ. ನಮ್ಮ ಹುಡುಗರಿಗೆ ತಿಂಗಳ ಪಗಾರ, ಅದಕ್ಕೇ ಈ ಪೇಚು ನನಗೆ ಹೊಳೆಯಲಿಲ್ಲ. ಆದರೂ ನಾದುವುದನ್ನು ಮೊದಲು ಬಿಡಬೇಕು ಅಂತ ನನಗನ್ನಿಸುತ್ತದೆ. ಬೆಳಿಗ್ಗೆ 5ಕ್ಕೆ ಏಳುವುದು ಅದರಿಂದಲೇ ಅಲ್ವಾ?

ಧಾರವಾಡ, ಹೋಳಿಗೆ-ಚಟ್ನಿ ಘಟಕ

ಬಿಡಬಹುದು, ಆದರೆ ಕೈ ಅಂದಾಜಿನಲ್ಲಿ ಇರುವಾಗ ಬಿಡಲು ಆಗುವುದಿಲ್ಲ. ಅಕ್ಕ ಉಕ್ಕುವ ನೀರನ್ನು ಕಣ್ಣಳತೆಯಲ್ಲಿ ಹಾಕುತ್ತಿರಬೇಕು. ಮೊದಲು ಅದನ್ನು ಅಳತೆಗೆ ತನ್ನಿ: ಇಷ್ಟು ಕಿಲೋ ಹಿಟ್ಟಿಗೆ ಈ ಚೊಂಬಿನಿಂದ ಇಷ್ಟು ನೀರು. ಹೊಸ ಜೋಳ ಬಂದಾಗ, ಹಿಟ್ಟು ಬದಲಾದಾಗ ನೀರಿನ ಅಳತೆಯೂ ಬದಲಾಗುತ್ತದೆ. ಹಾಗಾಗಿ ಹೊಸ ಚೀಲ ಬಿಚ್ಚಿದ ದಿನ ಮಾತ್ರ ನೀವೇ ನಾದಿ ಅಳತೆ ಗೊತ್ತು ಮಾಡಿ ಗೋಡೆ ಮೇಲೆ ಬರೆಯಿರಿ. ಉಳಿದ ದಿನ ಅವರು ಅದನ್ನೇ ನೋಡಿ ಮಾಡಲಿ. ಉಂಡೆಗೂ ತಕ್ಕಡಿ ಇಡಿ. ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಬಂತು ಅಂತ ಸಂಜೆ ಬರೆದರೆ ಎಲ್ಲಿ ತಪ್ಪಿದೆ ಅಂತ ತಿಳಿಯುತ್ತದೆ. 16-17 ಬರುವಲ್ಲಿ 14 ಬಂದರೆ ಒಂದೋ ಉಂಡೆ ದಪ್ಪ, ಇಲ್ಲವೇ ಬಿರಿದದ್ದು ಜಾಸ್ತಿ.

ಈಗ ವಾರದ್ದು. ಅಕ್ಕ ಬರೆದದ್ದು ನೋಡಿದರೆ ಹೀಗೆ ಕೂರಬಹುದು.

ಗಿರಣಿ ಸೋಮವಾರ ಮತ್ತು ಗುರುವಾರ. ಮೂರು ದಿನಕ್ಕೆ ಬೇಕಾದಷ್ಟೇ ಬೀಸಿಸಿ, ರಾಶಿ ಹಾಕಬೇಡಿ. ಜೋಳ ಹಸನು ಮಾಡಿ ಗಿರಣಿಗೆ ಕಳಿಸುವುದು ಆಟೋದವರ ಮೂಲಕ ಆಗುತ್ತದೆ. ನೀವು ಹೋಗಿ ನಿಲ್ಲಬೇಕಿಲ್ಲ. ಮಂಗಳವಾರ ಮಧ್ಯಾಹ್ನ ಖಾನಾವಳಿಗಳ ವಸೂಲಿ, ಅದು ನೀವೇ. ಬುಧವಾರ ಶೇಂಗಾ, ಅಗಸಿ, ಗುರೆಳ್ಳು ಹುರಿದು ಚಟ್ನಿಪುಡಿ. ಉಪ್ಪು ಖಾರ ತೂಕ ಮಾಡಿ ನೀವು ಪೊಟ್ಟಣ ಕಟ್ಟಿಟ್ಟರೆ ಸಾಕು, ಹುರಿಯುವುದು ಕುಟ್ಟುವುದು ಅವರು ಮಾಡುತ್ತಾರೆ. ಆ ಮಧ್ಯಾಹ್ನ 2ರಿಂದ 4 ಲೆಕ್ಕಕ್ಕೆ ಕೂರಿ. ಜಿಎಸ್‌ಟಿ ಇದ್ದು ತಿಂಗಳಿಗೊಮ್ಮೆ ಸಲ್ಲಿಸುವವರಾದರೆ 11 ಮತ್ತು 20ನೇ ತಾರೀಖಿನ ಹಿಂದಿನ ಬುಧವಾರಕ್ಕೆ ಬಿಲ್ಲುಗಳು ಲೆಕ್ಕದವರ ಕೈಯಲ್ಲಿರಲಿ. ಶನಿವಾರ, ಭಾನುವಾರದ ಮದುವೆ ಆರ್ಡರಿಗೆ ಗುರುವಾರ ಸಂಜೆ 6 ಕೊನೆ. ಇದು ಒಂದೇ ನಿಮ್ಮ ಶುಕ್ರವಾರ ರಾತ್ರಿ ಉಳಿಸುತ್ತದೆ. ಶನಿವಾರ 5ಕ್ಕೆ ಕೂಲಿ ಬಟವಾಡೆ.

ಇದು ಮದುವೆ ಸೀಸನ್ನಿನಲ್ಲಿ ಮುರಿಯುತ್ತದೆ, ಅದು ಗೊತ್ತಿರಲಿ. ಎಳ್ಳಮಾವಾಸ್ಯೆ, ಸಂಕ್ರಾಂತಿಗೆ ಸಜ್ಜಿ ರೊಟ್ಟಿ ಬೇರೆ ಕೇಳುತ್ತಾರೆ. ಎಲ್ಲಕ್ಕಿಂತ ಪೇಚು ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೊರಟರೆ ಪ್ಯಾಕಿಂಗಿನವರೂ ಇಲ್ಲ, ನಾದುವವರೂ ಇಲ್ಲ. ಪ್ರತಿ ಕೆಲಸಕ್ಕೂ ಇನ್ನೊಬ್ಬರಿಗೆ ಪಂಚಮಿಯ ಮೊದಲೇ ಕಲಿಸಿಡಿ.

ಹುಬ್ಬಳ್ಳಿ ವಿದ್ಯಾನಗರ, ಖಾನಾವಳಿ

ನಾನು ಇಂಥ ಕೇಂದ್ರಗಳಿಂದಲೇ ರೊಟ್ಟಿ ತರಿಸುವವನು. ತಗೊಳ್ಳುವವರ ಕಡೆಯಿಂದ ಎರಡು ಮಾತು. ರೊಟ್ಟಿ ಯಾರು ತಂದರೂ ನಮಗೆ ಚಿಂತೆ ಇಲ್ಲ. 11ರೊಳಗೆ ಬರಬೇಕು, ಅಷ್ಟೇ. ಜೊತೆಗೆ ಎಷ್ಟು ಕೊಟ್ಟರು ಅಂತ ಎರಡು ಪ್ರತಿಯ ಚೀಟಿ ಇರಲಿ, ನಾನು ಸಹಿ ಹಾಕುತ್ತೇನೆ. ವಾರದ ಕೊನೆಗೆ "ಸೋಮವಾರ 150 ಬಂದಿತ್ತೋ 130 ಬಂದಿತ್ತೋ" ಅನ್ನುವ ಜಗಳ ಇರುವುದಿಲ್ಲ. ಆ ಚೀಟಿ ಇದ್ದರೆ ವಸೂಲಿಗೂ ಹುಡುಗನನ್ನೇ ಕಳಿಸಬಹುದು. ನೀವೇ ಯಾಕೆ ಬರಬೇಕು? ಸ್ಕ್ಯಾನ್ ಮಾಡಿದರೆ ದುಡ್ಡು ನೇರ ನಿಮ್ಮ ಖಾತೆಗೆ.

ಧಾರವಾಡ, ಹೋಳಿಗೆ-ಚಟ್ನಿ ಘಟಕ

ಚೀಟಿ ಮಾತು ಸರಿ ಅಣ್ಣಾರೆ. ವಸೂಲಿ ಮಾತ್ರ ಒಪ್ಪುವುದಿಲ್ಲ. ಯಾವ ಖಾನಾವಳಿ ಸೊರಗುತ್ತಿದೆ ಅಂತ ಅಲ್ಲಿ ಹೋಗಿ ನಿಂತಾಗ ಕಾಣುತ್ತದೆ. ಊಟದ ಹೊತ್ತಿಗೆ ಖಾಲಿ ಬೆಂಚು ಕಂಡರೆ ಮುಂದಿನ ವಾರ ಉದ್ರಿ ಕಡಿಮೆ ಮಾಡಬಹುದು. ಹುಡುಗ ಅದನ್ನು ಬಂದು ಹೇಳುವುದಿಲ್ಲ.

ಹುಬ್ಬಳ್ಳಿ ವಿದ್ಯಾನಗರ, ಖಾನಾವಳಿ

ನಮ್ಮ ಬೆಂಚು ಎಣಿಸಲಿಕ್ಕೆ ಬರುತ್ತೀರಿ ಅಂತ ಈಗ ಗೊತ್ತಾಯಿತು ಬಿಡಿ! ಆದರೂ ತಿಂಗಳಿಗೊಮ್ಮೆ ಬಂದರೆ ಸಾಕಲ್ಲ. ಪ್ರತಿ ಮಂಗಳವಾರ ಮಧ್ಯಾಹ್ನ ಸುತ್ತಾಡುವುದು ದಂಡ ಅಂತಲೇ ನನ್ನ ಲೆಕ್ಕ.

ಹಾವೇರಿ, ಬೀಜ-ಗೊಬ್ಬರದ ಅಂಗಡಿ

ನಾನು ಹೇಳಿದ್ದೂ ಅದೇ ಅಲ್ವಾ, ದುಡ್ಡು ಮನೆಯವರ ಕೈಯಲ್ಲೇ ಇರಬೇಕು. ಮಷೀನಿನ ವಿಷಯ ಬಿಡಿ.

ಕೇಳಿದವರು

ಎಲ್ಲರಿಗೂ ಶರಣು. ನಮ್ಮಲ್ಲಿ ಅಂಥ ಒಬ್ಬರು ದೊಡ್ಡವರು ಇದ್ದಾರೆ, ಕೈ ನಿಧಾನ, ಲೆಕ್ಕ ಬಾಯಲ್ಲೇ. ದಿನಗೂಲಿ ಮಾತಾಡಿದೆ, ಒಪ್ಪಿದರು. ಆದರೆ ಚುರುಕಾದವಳಿಗೆ ಬೇಜಾರಾದ ಹಾಗಿದೆ, ತನ್ನಿಂದ ಕಿತ್ತುಕೊಂಡು ಅವರಿಗೆ ಕೊಟ್ಟೆ ಅಂತ. ನಾದುವುದನ್ನು ಅವಳಿಗೇ ಕಲಿಸಿ, ಆ ಹೊತ್ತಿಗೆ ಬೇರೆ ಕೂಲಿ ಕೊಡೋಣ ಅಂತಿದ್ದೇನೆ. ಅವಳ ರೊಟ್ಟಿ ಕಡಿಮೆಯಾಗುತ್ತದೆ ಅನ್ನುವುದೂ ತಲೆಯಲ್ಲಿದೆ.

ಚೀಟಿ ಪುಸ್ತಕ ಛಾಪಿಸಲು ಕೊಟ್ಟೆ. ಫೋನಿನದು ಮಾತ್ರ ಬಗೆಹರಿದಿಲ್ಲ. ಆರ್ಡರ್ ನಂಬರೂ ಮನೆ ನಂಬರೂ ಒಂದೇ, ಬ್ಯಾಂಕಿನ ಓಟಿಪಿಯೂ ಅದಕ್ಕೇ ಬರುತ್ತದೆ. ಅದನ್ನು ಹೇಗೆ ಬೇರೆಯವರ ಕೈಗೆ ಕೊಡುವುದು?

ಗದಗ, ಹಾರ್ಡ್‌ವೇರ್ ಅಂಗಡಿ

ಹೊಸ ಸಿಮ್ ತಗೊಂಡು ಅದನ್ನು ಮನೆಗೂ ಬ್ಯಾಂಕಿಗೂ ಹಾಕಿಕೊಳ್ಳಿ ಅಕ್ಕಾರೆ. ಹಳೇದು ಗಿರಾಕಿಗಳ ಬಾಯಿಪಾಠ ಆಗಿರುತ್ತದೆ, ಅದು ಕೇಂದ್ರದಲ್ಲೇ ಇರಲಿ. ಬ್ಯಾಂಕಿನಲ್ಲಿ ನಂಬರ್ ಬದಲಾದ ಮೇಲೆಯೇ ಫೋನ್ ಕೈಬಿಡಿ, ಮೊದಲೇ ಬೇಡ.