ಅಪ್‌ಡೇಟ್: ತಲೆಯ ಬಿಳಿ ಕೂದಲು ತೊನ್ನಲ್ಲವಂತೆ

ನಾನು ಕೇಳಿದ್ದು: "ಬಲಗಿವಿಯ ಮೇಲೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಇದ್ದಕ್ಕಿದ್ದಂತೆ ಬೆಳ್ಳಗಾಗಿದೆ. ತೊನ್ನಾ? ವಯಸ್ಸು 34, ಮಂಡ್ಯ."

ಹೋದ ವಾರ ಮೈಸೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಕೂದಲನ್ನಲ್ಲ, ಅದರ ಬುಡದ ಚರ್ಮವನ್ನು. ಲೈಟ್ ಆರಿಸಿ ವುಡ್ಸ್ ಲ್ಯಾಂಪ್ ಅನ್ನೋ ನೇರಳೆ ಬೆಳಕು ಹಿಡಿದರು. ತೊನ್ನಾಗಿದ್ದರೆ ಚರ್ಮ ಸುಣ್ಣ ಬಳಿದ ಹಾಗೆ ಹೊಳೆಯುತ್ತದಂತೆ. ನನ್ನದು ಹೊಳೆಯಲಿಲ್ಲ, ಸುತ್ತಲಿನ ಬಣ್ಣವೇ ಇತ್ತು.

"ಮುಂಚೆ ಅಲ್ಲಿ ಕೂದಲು ಉದುರಿತ್ತಾ?" ಅಂದರು. ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ಹೆಂಡತಿ, "ಯುಗಾದಿ ಹೊತ್ತಿಗೆ ಅಲ್ಲಿ ನುಣ್ಣಗಾಗಿತ್ತಲ್ರೀ, ಕ್ಷೌರದವನು ಹೇಳಿದ್ನಲ್ಲ" ಅಂದಳು. ನನಗೆ ಮರೆತೇಹೋಗಿತ್ತು! ಅಂಚಿನಲ್ಲಿ ಬುಡ ಸಣ್ಣಗೆ, ತುದಿ ದಪ್ಪಗಿರುವ ಎರಡು ಮೋಟು ಕೂದಲನ್ನೂ ಲೆನ್ಸಿನಲ್ಲಿ ತೋರಿಸಿದರು. ಇದು ಅಲೋಪೇಶಿಯಾ ಏರಿಯೇಟಾ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬೇರಿನ ಮೇಲೆ ಬೀಳುತ್ತದೆ. ಉದುರಿದ್ದು ವಾಪಸ್ ಬರುವಾಗ ಮೊದಲು ಬೆಳ್ಳಗೆ ಬರುವುದುಂಟು. ಎಷ್ಟೋ ಜನಕ್ಕೆ ಆಮೇಲೆ ಬಣ್ಣ ಬರುತ್ತದೆ, ಎಲ್ಲರಿಗೂ ಅಲ್ಲ.

ಇದಕ್ಕೂ ತೊನ್ನಿಗೂ ಜೊತೆಗೆ ಥೈರಾಯ್ಡ್ ತೊಂದರೆ ಇರಬಹುದು ಅಂತ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಬರೆದುಕೊಟ್ಟರು. 8.2 ಬಂದಿದೆ, ಸ್ವಲ್ಪ ಜಾಸ್ತಿ. ಮತ್ತೆ ಮಾಡಿಸಿ ನೋಡಬೇಕು. ಥೈರಾಯ್ಡ್ ಸರಿಹೋದ ಮಾತ್ರಕ್ಕೆ ಕೂದಲು ಕಪ್ಪಾಗುತ್ತೆ ಅಂದುಕೊಳ್ಳಬೇಡಿ ಅಂತಲೂ ಹೇಳಿದ್ದಾರೆ. ಕೂದಲು ಬರ್ತಾ ಇರೋದರಿಂದ ಸದ್ಯಕ್ಕೆ ಮುಲಾಮೂ ಇಲ್ಲ. ತಿಂಗಳಿಗೊಂದು ಫೋಟೋ ತೆಗೆದಿಡಬೇಕಷ್ಟೆ.